ಅಜ್ಜಿಯ ನಗು, ಮೂಲೆಯ ಪೊಟ್ಟಣ

ಗೆಳೆಯರೇ, ಕಾಫಿಪುಡಿಯ 30 ಸೆಕೆಂಡಿನ ಜಾಹೀರಾತೊಂದನ್ನು ಕಲ್ಪಿಸಿಕೊಳ್ಳಿ. ಮೊಮ್ಮಗಳು ಕೊಟ್ಟ ಲೋಟದ ಪರಿಮಳ ಹೀರಿ ಅಜ್ಜಿ ನಗುತ್ತಾಳೆ. 24ನೇ ಸೆಕೆಂಡಿನಲ್ಲಿ, ಆ ನಗು ಇನ್ನೂ ತೆರೆಯ ಮೇಲಿರುವಾಗಲೇ, ಬಲಗಡೆಯ ಕೆಳಮೂಲೆಯಲ್ಲಿ ಪುಡಿಯ ಪೊಟ್ಟಣ ಒಂದೂವರೆ ಸೆಕೆಂಡು ಕಾಣಿಸುತ್ತದೆ. ಎಂಟು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ನೋಟದ ಜಾಡು ಹಿಡಿಯುವ ಯಂತ್ರದ ಮುಂದೆ ಇದನ್ನು ತೋರಿಸಿದ್ದೀರಿ. ಏಳು ಜನರ ಕಣ್ಣು ಅಜ್ಜಿಯ ಮುಖ ಬಿಟ್ಟು ಕದಲಿಲ್ಲ.

ಸಮಯ ಸಾಲಲಿಲ್ಲ ಎನ್ನುವಂತಿಲ್ಲ. ನಮ್ಮ ಕಣ್ಣು ಒಂದೆಡೆ ನಿಲ್ಲುವುದು ಸುಮಾರು ಕಾಲು ಸೆಕೆಂಡು. ಒಂದೂವರೆ ಸೆಕೆಂಡಿನಲ್ಲಿ ಅದು ನಾಲ್ಕೈದು ಕಡೆ ಸುತ್ತಿ ಬರಬಲ್ಲದು. ಆದರೆ ಮುಖ ಕಂಡರೆ, ಅದರಲ್ಲೂ ಭಾವ ತುಂಬಿದ ಮುಖ ಕಂಡರೆ, ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ. ಅಜ್ಜಿ ಚೆನ್ನಾಗಿ ನಟಿಸಿದ್ದೇ ಪೊಟ್ಟಣಕ್ಕೆ ಮುಳುವಾಯಿತು!

ಈ ತೀರ್ಮಾನಕ್ಕೆ ಬರುವ ಮೊದಲು ಯಂತ್ರವನ್ನೇ ಅನುಮಾನಿಸಬೇಕು. ಶುರುವಿನಲ್ಲಿ ತೆರೆಯ ಮೇಲಿನ ಒಂಬತ್ತು ಚುಕ್ಕಿಗಳನ್ನು ನೋಡಿಸಿ ಅಳತೆ ಹೊಂದಿಸುತ್ತೇವಲ್ಲ, ಜಾಹೀರಾತು ಮುಗಿದ ಮೇಲೂ ಅದೇ ಚುಕ್ಕಿಗಳನ್ನು ಮತ್ತೆ ತೋರಿಸಿ. ನೋಟದ ಗುರುತು ಚುಕ್ಕಿಯಿಂದ ದೂರ ಬಿದ್ದರೆ ಆ ವ್ಯಕ್ತಿ ನಡುವೆ ತಲೆ ಸರಿಸಿರಬಹುದು, ಅವನ ದಾಖಲೆಯನ್ನು ಪಕ್ಕಕ್ಕಿಡಿ. ಅವಗೆಂಪು ಬೆಳಕಿನ ಉಪಕರಣ ಸಾಮಾನ್ಯವಾಗಿ ಒಂದು ಡಿಗ್ರಿಯೊಳಗಿನ ತಪ್ಪು ಮಾಡುತ್ತದೆ. 60 ಸೆಂಟಿಮೀಟರ್ ದೂರದಲ್ಲಿ ಅದು ತೆರೆಯ ಮೇಲೆ ಸುಮಾರು ಒಂದು ಸೆಂಟಿಮೀಟರ್. ಲ್ಯಾಪ್‌ಟಾಪಿನ ಕ್ಯಾಮೆರಾ ಅದಕ್ಕಿಂತ ಹಲವು ಪಟ್ಟು ತಪ್ಪುತ್ತದೆ. ನಿಮ್ಮ ಪೊಟ್ಟಣ ಮೂರು ಸೆಂಟಿಮೀಟರ್ ಅಗಲವಿದ್ದರೆ ಅಂಥ ಕ್ಯಾಮೆರಾದ ಸಾಕ್ಷಿ ನಂಬಬೇಡಿ.

ನೋಡುಗರ ಮುಖಭಾವದ ಟಿಪ್ಪಣಿಯಲ್ಲಿ ನಾವು ಮಾಡುವ ದೊಡ್ಡ ತಪ್ಪು, ಭಾವಕ್ಕೆ ಆಗಲೇ ಹೆಸರಿಟ್ಟುಬಿಡುವುದು. ‘ಬೇಸರ’ ಎಂದು ಬರೆಯಬೇಡಿ. ‘18ನೇ ಸೆಕೆಂಡು, ಹುಬ್ಬು ಗಂಟಿಕ್ಕಿತು’ ಎಂದು ಬರೆಯಿರಿ. ಗಮನವಿಟ್ಟು ನೋಡುವವರೂ ಹುಬ್ಬು ಗಂಟಿಕ್ಕುತ್ತಾರೆ. ಒಂಟಿಯಾಗಿ ಕುಳಿತವರು ಜೋರಾಗಿ ನಗುವುದು ಕಡಿಮೆ, ಆದ್ದರಿಂದ ನಗಲಿಲ್ಲವೆಂದು ಹಾಸ್ಯ ಸೋತಿತು ಎನ್ನಲಾಗದು. ಇಬ್ಬರು ಬೇರೆ ಬೇರೆಯಾಗಿ ಬರೆದು ಹೋಲಿಸಿದರೆ ಯಾರ ಕಲ್ಪನೆ ಎಲ್ಲಿ ನುಸುಳಿದೆ ಎಂಬುದು ತಿಳಿಯುತ್ತದೆ.

ಎಂಟು ಜನರಿಂದ ‘ಶೇಕಡಾ 87 ವೀಕ್ಷಕರು’ ಎಂದು ವರದಿ ಬರೆಯುವವರನ್ನು ಕಂಡರೆ ನನಗೆ ರೇಗುತ್ತದೆ. ಈ ಪರೀಕ್ಷೆ ದೋಷವಿರುವ ಜಾಗ ತೋರಿಸುತ್ತದೆ, ಮಾರುಕಟ್ಟೆಯನ್ನು ಅಳೆಯುವುದಿಲ್ಲ. ಇಲ್ಲಿ ದೋಷವಿರುವುದು ಒಂದೇ ಶಾಟಿನಲ್ಲಿ. ಅಜ್ಜಿಯ ಮುಖದಿಂದ ನೇರವಾಗಿ ಪೊಟ್ಟಣಕ್ಕೆ ಕಟ್ ಮಾಡಿ, ಮುಖವಿದ್ದ ಜಾಗದಲ್ಲೇ ಅದನ್ನು ಇಡಿ. ಕಟ್ ಆದ ಕ್ಷಣದಲ್ಲಿ ಕಣ್ಣು ಅಲ್ಲೇ ಇರುತ್ತದೆ, ಹುಡುಕಬೇಕಾಗಿಲ್ಲ.

ಮರುಪರೀಕ್ಷೆಗೆ ಹೊಸಬರನ್ನೇ ಕರೆಯಿರಿ. ಹಳಬರಿಗೆ ಕಥೆ ಗೊತ್ತಾಗಿದೆ. ಈ ಬಾರಿ ಬೇರೆ ಮೂರು ಜಾಹೀರಾತುಗಳ ನಡುವೆ ಇದನ್ನು ಸೇರಿಸಿ ತೋರಿಸಿ. ಕಾಫಿಯ ಮಾತನ್ನೇ ಎತ್ತದೆ, ‘ಯಾವ ಯಾವ ಜಾಹೀರಾತು ನೋಡಿದಿರಿ?’ ಎಂದಷ್ಟೇ ಕೇಳಿ. ಪೊಟ್ಟಣದ ಮೇಲೆ ಕಣ್ಣು ನೆಟ್ಟವರೂ ಅದರ ಹೆಸರು ಹೇಳದೆ ‘ಆ ಅಜ್ಜಿ ಇದ್ದದ್ದು’ ಎಂದರೆ, ಸಂಕಲನದ ಮೇಜಿಗೆ ಮತ್ತೆ ಹೋಗಬೇಕಾಗುತ್ತದೆ.