ನಾಳೆಗೆ ಎಷ್ಟು ದೋಸೆ ಹಿಟ್ಟು?

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲೆ ಕಂಪ್ಯೂಟರ್ ವಿಷಯ ಅಂದ್ರೆ ಕಣ್ಣು ಎಳೆಯುತ್ತದೆ ಅಂತ ಗೊತ್ತು. ಅದಕ್ಕೇ ಸ್ಲೈಡ್ ತಂದಿಲ್ಲ. ದಾವಣಗೆರೆಯಲ್ಲಿ ನಿಂತು ಮಾತಾಡುವಾಗ ಬೆಣ್ಣೆ ದೋಸೆ ಇದ್ದರೆ ಸಾಕಲ್ವಾ.

ಇಲ್ಲಿ ಕೂತವರಲ್ಲಿ ಬ್ಯಾಂಕಿನವರಿದ್ದೀರಿ, ಬಟ್ಟೆ ಅಂಗಡಿಯವರಿದ್ದೀರಿ, ಅಕ್ಕಿ ಗಿರಣಿಯವರಿದ್ದೀರಿ. ನಿಮ್ಮ ಹತ್ತಿರ ಯಾರೋ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದು "ಸಾರ್, ನಮ್ಮ ಮಾಡೆಲ್ 99 ಪರ್ಸೆಂಟ್ ಸರಿಯಾಗಿ ಹೇಳುತ್ತೆ" ಅಂದಾಗ ಏನು ಕೇಳಬೇಕು ಅನ್ನುವುದಷ್ಟೇ ಇವತ್ತಿನ ಮಾತು. ಓವರ್‌ಫಿಟ್ಟಿಂಗ್, ಅಂಡರ್‌ಫಿಟ್ಟಿಂಗ್ ಅನ್ನುವ ಎರಡು ಪದ ನಡುವೆ ಬರುತ್ತವೆ. ಹೆದರಬೇಡಿ.

ಒಂದು ಹೋಟೆಲ್ ಅಂದುಕೊಳ್ಳಿ. ಹೆಸರು ಬೇಡ, ನಾನೇ ಕಟ್ಟಿದ ಹೋಟೆಲ್, ಲೆಕ್ಕವೂ ನಂದೇ. ದೋಸೆ ಹಿಟ್ಟಿನ ಕಷ್ಟ ನಿಮಗೆ ಗೊತ್ತು. ಬೆಳಿಗ್ಗೆ ಜನ ಜಾಸ್ತಿ ಬಂದರು ಅಂತ ಆಗ ರುಬ್ಬಿದರೆ ಆಗುವುದಿಲ್ಲ. ಹಿಂದಿನ ಸಂಜೆಯೇ ರುಬ್ಬಿಡಬೇಕು, ರಾತ್ರಿಯೆಲ್ಲ ಉಬ್ಬಬೇಕು. ಕಡಿಮೆ ರುಬ್ಬಿದರೆ ಹತ್ತು ಗಂಟೆಗೇ ಕಾವಲಿ ಆರಿಸಿ ಗಿರಾಕಿಯನ್ನು ವಾಪಸ್ ಕಳಿಸಬೇಕು, ಜಾಸ್ತಿ ರುಬ್ಬಿದರೆ ಮಾರನೇ ದಿನಕ್ಕೆ ಹುಳಿ. ಹಾಗಾಗಿ ದಿನಾ ಸಂಜೆ ಗ್ರೈಂಡರ್ ಮುಂದೆ ಒಂದೇ ಪ್ರಶ್ನೆ: ನಾಳೆ ಎಷ್ಟು ದೋಸೆ ಹೋಗುತ್ತದೆ?

ಮಾಡೆಲ್ ಅಂದರೆ ಇಷ್ಟೇ ನೋಡಿ. ಹಳೇ ಲೆಕ್ಕ ನೋಡಿ ನಾಳೆಯದನ್ನು ಹೇಳುವ ಒಂದು ರೀತಿ. ಅದು ಕಂಪ್ಯೂಟರಿನಲ್ಲಿದ್ದರೂ ಅಷ್ಟೇ, ಭಟ್ಟರ ತಲೆಯಲ್ಲಿದ್ದರೂ ಅಷ್ಟೇ.

ಈ ಹೋಟೆಲಿನಲ್ಲಿ ಲೆಕ್ಕ ಹೇಳುವವರು ಮೂರು ಜನ. ಯಜಮಾನರು, ಗಲ್ಲಾ ಮೇಲೆ ಕೂರುವ ಅವರ ಮಗ, ಮತ್ತೆ ದೋಸೆ ಹುಯ್ಯುವ ಭಟ್ಟರು. ಮೂವರ ಮುಂದೆಯೂ ಎರಡು ವಾರದ ಪುಸ್ತಕ ಒಂದೇ. ಸೋಮವಾರದಿಂದ ಶುಕ್ರವಾರದವರೆಗೆ ಸುಮಾರು 400 ದೋಸೆ, ಶನಿವಾರ 500ರ ಆಸುಪಾಸು, ಭಾನುವಾರ 650ರ ಆಸುಪಾಸು. ಇದರಲ್ಲಿ ಎರಡು ದಿನ ಮಾತ್ರ ವಿಚಿತ್ರ. ಮೊದಲ ವಾರದ ಮಂಗಳವಾರ 530 ಹೋಗಿದೆ, ಯಾಕಂದ್ರೆ ಮದುವೆಗೆ ಹೊರಟ ಎರಡು ಬಸ್ಸು ಅಲ್ಲೇ ನಿಂತಿದ್ದವು. ಎರಡನೇ ವಾರದ ಬುಧವಾರ ಬರೀ 290, ಅವತ್ತು ಪೈಪ್ ಹಾಕಲು ಹೋಟೆಲ್ ಮುಂದಿನ ರಸ್ತೆ ಅಗೆದಿದ್ದರು.

ಯಜಮಾನರದ್ದು ಸುಲಭ. ಹದಿನಾಲ್ಕು ದಿನದ್ದನ್ನು ಕೂಡಿಸಿ ಭಾಗಿಸಿದರೆ ಸುಮಾರು 450. "ದಿನಾ 450ಕ್ಕೆ ರುಬ್ಬಿ, ತಲೆ ಕೆಡಿಸ್ಕೋಬೇಡಿ" ಅಂದರು. ಭಾನುವಾರಕ್ಕೂ 450, ಸೋಮವಾರಕ್ಕೂ 450. ವಾರದ ದಿನಗಳಲ್ಲಿ ಐವತ್ತು ದೋಸೆಯ ಹಿಟ್ಟು ಉಳಿಯುತ್ತದೆ, ಭಾನುವಾರ ಇನ್ನೂರು ಜನ ವಾಪಸ್ ಹೋಗುತ್ತಾರೆ. ಪುಸ್ತಕದಲ್ಲಿ ಕಣ್ಣಿಗೆ ರಾಚುವಂತೆ ಇರುವ ಭಾನುವಾರವನ್ನೇ ಇವರು ನೋಡಲಿಲ್ಲ. ಇದು ಅಂಡರ್‌ಫಿಟ್ಟಿಂಗ್.

ಮಗ ಬಹಳ ಚುರುಕು. ಅವನು ಪ್ರತಿ ದಿನದ ಪಕ್ಕದಲ್ಲೂ ಕಂಡದ್ದೆಲ್ಲ ಬರೆದಿಟ್ಟಿದ್ದ. 530 ಹೋದ ಮಂಗಳವಾರ ಮೋಡ ಇತ್ತು, ಕರೆಂಟ್ ಹೋಗಿತ್ತು. 290 ಹೋದ ಬುಧವಾರ ಬಿಸಿಲಿತ್ತು, ಚಟ್ನಿಗೆ ಖಾರ ಜಾಸ್ತಿಯಾಗಿತ್ತು. ಬಸ್ಸು, ಅಗೆದ ರಸ್ತೆ ಎರಡೂ ಪುಸ್ತಕಕ್ಕೆ ಬರಲಿಲ್ಲ, ಗಲ್ಲಾದಿಂದ ಅವು ಕಾಣುತ್ತಿರಲಿಲ್ಲ. ಅವನ ನಿಯಮ ಹೀಗಾಯಿತು: ಮಂಗಳವಾರ ಮೋಡವಾಗಿ ಕರೆಂಟ್ ಹೋದರೆ 530, ಬುಧವಾರ ಬಿಸಿಲಿದ್ದು ಚಟ್ನಿ ಖಾರವಾದರೆ 290, ಹೀಗೆ ಹದಿನಾಲ್ಕು ದಿನಕ್ಕೆ ಹದಿನಾಲ್ಕು ನಿಯಮ. ಇದು ಓವರ್‌ಫಿಟ್ಟಿಂಗ್. ಗಮನಿಸಿ, ಅವನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವತ್ತು ಮೋಡ ಇದ್ದದ್ದು ನಿಜ, ಖಾರ ಇದ್ದದ್ದು ನಿಜ. ಆದರೆ ಅವು ಅವತ್ತಿನ ಮಟ್ಟಿಗೆ ಮಾತ್ರ ನಿಜ.

ಭಟ್ಟರು ಪುಸ್ತಕ ತಿರುವಿ ಹೇಳಿದ್ದು: "ವಾರದ ದಿನಕ್ಕೆ 400, ಶನಿವಾರಕ್ಕೆ 505, ಭಾನುವಾರಕ್ಕೆ 650. ಆ ಮಂಗಳವಾರ, ಆ ಬುಧವಾರ ಏನೋ ಆಗಿರುತ್ತೆ ಬಿಡಿ."

ಈಗ ಪರೀಕ್ಷೆ. ಮೊದಲು ಅದೇ ಎರಡು ವಾರದ ಮೇಲೆ ಮೂವರನ್ನೂ ಕೇಳೋಣ. ದಿನಕ್ಕೆ ಸರಾಸರಿ ಎಷ್ಟು ದೋಸೆ ತಪ್ಪಿತು, ಹೆಚ್ಚಾದರೂ ತಪ್ಪೇ, ಕಡಿಮೆಯಾದರೂ ತಪ್ಪೇ. ಯಜಮಾನರು 84, ಭಟ್ಟರು 24. ಮಗ? ಸೊನ್ನೆ. ಒಂದು ದೋಸೆಯೂ ತಪ್ಪಿಲ್ಲ.

ಇಲ್ಲೇ ನಾವು ಮೋಸ ಹೋಗುವುದು. ಮೀಟಿಂಗಿನಲ್ಲಿ ಈ ಮೂರು ಸಂಖ್ಯೆ ಪಕ್ಕಪಕ್ಕ ಇಟ್ಟರೆ ನೀವು ಯಾರನ್ನು ಆರಿಸುತ್ತೀರಿ? ಸೊನ್ನೆ ತೋರಿಸಿದವನನ್ನೇ. ಅವನು ಉತ್ತರ ಪುಸ್ತಕ ಮುಂದಿಟ್ಟುಕೊಂಡು ಪರೀಕ್ಷೆ ಬರೆದ, ಪಾಸಾಗದೆ ಇರುತ್ತಾನಾ?

ಮೂರನೇ ವಾರ ಬಂತು. ಈ ವಾರ ಯಾರೂ ಮೊದಲು ನೋಡಿಲ್ಲ. ಮಂಗಳವಾರ ಮೋಡ, ಕರೆಂಟೂ ಹೋಯಿತು. ಮಗ 530ಕ್ಕೆ ರುಬ್ಬಿಸಿದ, ಹೋದದ್ದು 390. ನೂರಾ ನಲವತ್ತು ದೋಸೆಯ ಹಿಟ್ಟು ಹುಳಿ. ಬುಧವಾರ ಬಿಸಿಲು, ಚಟ್ನಿಯೂ ಖಾರ. 290ಕ್ಕೆ ರುಬ್ಬಿದ್ದ, ಬಂದದ್ದು 410 ಜನ. ಹೆಂಡತಿ ಮಕ್ಕಳ ಜೊತೆ ಬಂದವರು ಪಕ್ಕದ ಹೋಟೆಲಿಗೆ ಹೋದರು. ಶುಕ್ರವಾರ 480 ಹೋಯಿತು, ಯಾಕೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಮೂವರೂ ತಪ್ಪಿದರು. ವಾರದ ಕೊನೆಗೆ ಲೆಕ್ಕ ಹಾಕಿದರೆ ಯಜಮಾನರ ತಪ್ಪು ದಿನಕ್ಕೆ 70, ಮಗನದ್ದು 56, ಭಟ್ಟರದ್ದು 19.

ಈ ಸಂಖ್ಯೆಗಳನ್ನು ಒಂದು ನಿಮಿಷ ನೋಡಿ. ಯಜಮಾನರು ಹಳೇ ದಿನಗಳಲ್ಲೂ ಕೆಟ್ಟದಾಗಿ ತಪ್ಪಿದ್ದರು, ಹೊಸ ದಿನಗಳಲ್ಲೂ ತಪ್ಪಿದರು. ಎರಡೂ ಕಡೆ ತಪ್ಪು ದೊಡ್ಡದು ಅಂದ್ರೆ ಅಂಡರ್‌ಫಿಟ್. ಮಗನದ್ದು ಸೊನ್ನೆಯಿಂದ 56ಕ್ಕೆ ಜಿಗಿಯಿತು. ಹಳೇದರಲ್ಲಿ ಬಂಗಾರ, ಹೊಸದರಲ್ಲಿ ಬಿದ್ದುಹೋಯಿತು ಅಂದ್ರೆ ಓವರ್‌ಫಿಟ್. ಭಟ್ಟರದ್ದು 24, 19. ಎರಡೂ ಚಿಕ್ಕದು, ಎರಡೂ ಹತ್ತಿರ. ಹೊಸ ವಾರದಲ್ಲಿ ಇನ್ನೂ ಕಡಿಮೆಯಾದದ್ದು ಭಟ್ಟರ ಜಾಣತನ ಅಲ್ಲ, ಆ ವಾರ ಬಸ್ಸೂ ಬರಲಿಲ್ಲ, ರಸ್ತೆಯೂ ಅಗೆಯಲಿಲ್ಲ, ಅಷ್ಟೇ. ಸಾಮಾನ್ಯವಾಗಿ ಹೊಸದರಲ್ಲಿ ತಪ್ಪು ಸ್ವಲ್ಪ ಜಾಸ್ತಿಯೇ ಇರುತ್ತದೆ. ಆ ಶುಕ್ರವಾರದಂಥ ದಿನ ಯಾವ ಮಾಡೆಲ್ಲಿಗೂ ಸಿಗುವುದಿಲ್ಲ. ಸಿಕ್ಕಿತು ಅಂತ ಹೇಳಿದವರ ಮೇಲೆ ನನಗೆ ಅನುಮಾನ.

ಹಾಗಾದರೆ ಮಾಡೆಲ್ ಕೊಳ್ಳುವ ಮೊದಲೇ ಗೊತ್ತಾಗುವುದು ಹೇಗೆ, ಮೂರನೇ ವಾರದವರೆಗೆ ಕಾಯಬೇಕಾ? ಬೇಡ. ಪುಸ್ತಕದ ಕೊನೆಯ ಭಾಗಕ್ಕೆ ಮೊದಲೇ ಒಂದು ಕಾಗದ ಮುಚ್ಚಿಡಿ. ಅದಕ್ಕಿಂತ ಹಿಂದಿನ ದಿನಗಳನ್ನು ಮಾತ್ರ ಕೊಟ್ಟು ಮಾಡೆಲ್ ಮಾಡಿಸಿ, ಆಮೇಲೆ ಕಾಗದ ತೆಗೆದು ನೋಡಿ. ಕೊನೆಯ ಭಾಗವೇ ಯಾಕೆ ಅಂದ್ರೆ, ನಡುನಡುವೆ ಅಲ್ಲೊಂದು ಇಲ್ಲೊಂದು ದಿನ ಮುಚ್ಚಿದರೆ ಆ ಕಡೆ ಈ ಕಡೆಯ ದಿನ ನೋಡಿಯೇ ಉತ್ತರ ಊಹಿಸಿಬಿಡಬಹುದು, ಮತ್ತೆ ನಿಮಗೆ ಬೇಕಿರುವುದು ನಾಳೆಯದು, ನಿನ್ನೆ ಮೊನ್ನೆಯ ನಡುವಿನದಲ್ಲ. ಇನ್ನೊಂದು ಕಳ್ಳದಾರಿ ಇದೆ. ಕಾಗದ ಎತ್ತಿ ನೋಡುವುದು, ಮಾಡೆಲ್ ತಿದ್ದುವುದು, ಮತ್ತೆ ಎತ್ತಿ ನೋಡುವುದು. ಇಪ್ಪತ್ತು ಸಲ ಹೀಗೆ ಮಾಡಿದರೆ ಮುಚ್ಚಿದ ದಿನಗಳೂ ಬಾಯಿಪಾಠವಾಗುತ್ತವೆ. ಬೇಕಂತ ಮೋಸ ಮಾಡುವವರು ಕಡಿಮೆ, ಗೊತ್ತಿಲ್ಲದೆ ಹೀಗೆ ಮಾಡುವವರು ಜಾಸ್ತಿ.

ಆ ಮಗ ಮಾಡಿದ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲ ವರ್ಷದ ಹಿಂದೆ ಒಂದು ಬಟ್ಟೆ ಅಂಗಡಿಗೆ ತಿಂಗಳ ಮಾರಾಟ ಹೇಳುವ ಮಾಡೆಲ್ ಮಾಡಿಕೊಟ್ಟೆ. ಇದ್ದದ್ದು ಎರಡು ವರ್ಷದ ಲೆಕ್ಕ, ಅಂದರೆ 24 ಸಾಲು. ನಾನು ಹಾಕಿದ ಕಾಲಂ 40: ಹಬ್ಬ, ಮಳೆ, ಮೆಕ್ಕೆಜೋಳದ ರೇಟು, ರಜೆ, ಏನೇನೋ. ಸಾಲಿಗಿಂತ ಕಾಲಂ ಜಾಸ್ತಿ ಇದ್ದರೆ ಎಂಥ ಲೆಕ್ಕವನ್ನಾದರೂ ಕರಾರುವಾಕ್ಕಾಗಿ ಹೊಂದಿಸಿಬಿಡಬಹುದು, ಕಾಲಂಗಳಲ್ಲಿ ಲಾಟರಿ ನಂಬರ್ ತುಂಬಿದ್ದರೂ ಹೊಂದುತ್ತಿತ್ತು. ಪರದೆ ಮೇಲೆ ನಿಜವಾದ ಮಾರಾಟದ ಗೆರೆ, ಮಾಡೆಲ್ ಹೇಳಿದ ಗೆರೆ ಎರಡೂ ಒಂದರ ಮೇಲೊಂದು ಕೂತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ದೀಪಾವಳಿಗೆ ನಾನು ಹೇಳಿದಷ್ಟು ಮಾಲು ತರಿಸಿದರು, ಸಂಕ್ರಾಂತಿಯಾದರೂ ಗೋಡೌನಿನಲ್ಲೇ ಇತ್ತು. ಸಾಹುಕಾರರು ಬೈಯಲಿಲ್ಲ. "ಹೋದ ವರ್ಷದ ದೀಪಾವಳಿ ಲೆಕ್ಕ ನಮಗೂ ಗೊತ್ತಿತ್ತಲ್ಲ ಸಾರ್" ಅಂದರು. ಬೈದಿದ್ದರೇ ವಾಸಿ ಇತ್ತು.

ಸರಿ, ರಿಪೇರಿ ಹೇಗೆ? ಎರಡು ಕಾಯಿಲೆಗೂ ಔಷಧ ಬೇರೆ, ಇದನ್ನು ಗೊಂದಲ ಮಾಡಿಕೊಂಡು ದುಡ್ಡು ಕಳೆದುಕೊಳ್ಳುವವರು ಬಹಳ. "ಡೇಟಾ ಸಾಲದು ಸಾರ್, ಇನ್ನೂ ಡೇಟಾ ಕೊಡಿ" ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಯಜಮಾನರಿಗೆ ಎರಡು ವಾರದ ಬದಲು ಐದು ವರ್ಷದ ಪುಸ್ತಕ ಕೊಟ್ಟರೆ ಏನು ಹೇಳುತ್ತಾರೆ? ಅದೇ 450. ಅವರಿಗೆ ಬೇಕಾದದ್ದು ಹೆಚ್ಚು ಪುಸ್ತಕವಲ್ಲ, "ವಾರ ಯಾವುದು" ಅಂತ ನೋಡುವ ಬುದ್ಧಿ. ಮಗನಿಗೆ ಮಾತ್ರ ಹೆಚ್ಚು ಪುಸ್ತಕ ನಿಜವಾಗಲೂ ಉಪಯೋಗಕ್ಕೆ ಬರುತ್ತದೆ. ಐವತ್ತು ಮಂಗಳವಾರ ನೋಡಿದರೆ ಮೋಡವಿದ್ದೂ 400 ಹೋದ ದಿನಗಳು ಸಾಲುಸಾಲಾಗಿ ಸಿಗುತ್ತವೆ, ಮೋಡದ ನಿಯಮ ತಾನಾಗೇ ಉದುರುತ್ತದೆ. ಅಷ್ಟು ದಿನದ ಲೆಕ್ಕ ಇಲ್ಲವಾ? ಹಾಗಾದರೆ ಚಟ್ನಿ ಖಾರದ ಕಾಲಂ ಹೊಡೆದುಹಾಕಿ.

ಇನ್ನೊಂದು ಮಾತು ಸೇರಿಸಿ ನಿಲ್ಲಿಸುತ್ತೇನೆ, ಹಿಂದಿನ ಸಾಲಿನ ಸಾರ್ ಆಗಿಂದ ಕೈ ಎತ್ತಿದ್ದಾರೆ. ಅವರು ಕೇಳುತ್ತಿರುವುದು ದುಗ್ಗಮ್ಮನ ಜಾತ್ರೆ ಬಂದರೆ ಭಟ್ಟರ ಲೆಕ್ಕ ಏನಾಗುತ್ತದೆ ಅಂತ. ತಪ್ಪುತ್ತದೆ, ಕೆಟ್ಟದಾಗಿ ತಪ್ಪುತ್ತದೆ. ಜಾತ್ರೆ ಎರಡು ವರ್ಷಕ್ಕೊಮ್ಮೆ, ಭಟ್ಟರ ಪುಸ್ತಕ ಎರಡು ವಾರದ್ದು. ಇದು ಓವರ್‌ಫಿಟ್ಟೂ ಅಲ್ಲ, ಅಂಡರ್‌ಫಿಟ್ಟೂ ಅಲ್ಲ, ಪುಸ್ತಕದಲ್ಲಿ ಜಾತ್ರೆಯೇ ಇಲ್ಲ. ಕಾಗದ ಮುಚ್ಚಿ ಮಾಡಿದ ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ, ಮುಚ್ಚಿದ ದಿನಗಳಲ್ಲೂ ಜಾತ್ರೆ ಇರಲಿಲ್ಲವಲ್ಲ. ಆ ವಾರ ಮಾಡೆಲ್ ಪಕ್ಕಕ್ಕಿಟ್ಟು, ಹೋದ ಜಾತ್ರೆಯಲ್ಲಿ ಹೋಟೆಲ್ ನಡೆಸಿದವರನ್ನು ಕೇಳಿ ರುಬ್ಬಿಸಿ. ಹೇಳಿ ಸಾರ್, ಇನ್ನೇನೋ ಕೇಳುತ್ತಿದ್ದಿರಿ, ಮೈಕ್ ಅವರಿಗೆ ಕೊಡ್ರಪ್ಪ.