ಅಪ್ಪನ ಮದುವೆ, ಮನೆಯ ಕಾಗದ

ಕೇಳುಗರೇ, ನಮಸ್ಕಾರ.

ನಮ್ಮ ಅವ್ವ ತೀರಿಕೊಂಡು ಮೂರು ವರ್ಷವಾಯಿತು. ಅಪ್ಪ ಗದಗಿನ ಮನೆಯಲ್ಲಿ ಒಬ್ಬರೇ ಉಳಿದರು. ಹುಬ್ಬಳ್ಳಿಗೆ ನಮ್ಮ ಮನೆಗೆ ಕರೆತಂದೆ, ಇಪ್ಪತ್ತು ದಿನವೂ ನಿಲ್ಲಲಿಲ್ಲ. ಹೋದ ದೀಪಾವಳಿಗೆ ನನ್ನನ್ನೂ ತಮ್ಮನನ್ನೂ ಕೂಡಿಸಿಕೊಂಡು, "ಹಾವೇರಿಯ ಒಬ್ಬಾಕೆಯನ್ನು ಮದುವೆ ಆಗಬೇಕಂತ ಮಾಡೀನಿ" ಅಂದರು. ಅಪ್ಪನಿಗೆ 64, ಗಂಡ ಸತ್ತ ಆಕೆಗೆ 57.

ತಮ್ಮ ಎದ್ದು ಹೊರಗೆ ಹೋದ. ನಾನು, "ಮಂದಿ ಏನಂದಾರು?" ಅಂದೆ. ಅದು ಸುಳ್ಳು ನೆಪ. ನಮ್ಮ ಸೀಮೆಯ ಎಷ್ಟೋ ಸಮಾಜಗಳಲ್ಲಿ ಉಡಕಿ, ಅಂದರೆ ವಿಧವೆಯ ಮರುಮದುವೆ, ಹಿಂದಿನಿಂದಲೂ ಇದೆ, ಅಲ್ವಾ? ನಮ್ಮ ಹೊಟ್ಟೆಯಲ್ಲಿ ಇದ್ದದ್ದು ಅವ್ವನ ದುಃಖ ಮತ್ತು ಮನೆಯ ಚಿಂತೆ. ಮನೆಯ ಮಾತೆತ್ತಲು ನಾಚಿಕೆ. ಹಾಗಾಗಿ ಅವ್ವನ ಹೆಸರು ಮುಂದೆ ಮಾಡಿ ತಿಂಗಳುಗಟ್ಟಲೆ ಜಗಳಾಡಿದೆವು.

ಕೊನೆಗೆ ಮೂವರೂ ವಕೀಲರ ಹತ್ತಿರ ಹೋದೆವು. ಮನೆ ಅಪ್ಪ ದುಡಿದು ಕಟ್ಟಿದ್ದು. ಮೃತ್ಯುಪತ್ರ ಬರೆಯದೆ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೂ ಪ್ರತಿಯೊಬ್ಬ ಮಗ, ಮಗಳಿಗೂ ಸಮಪಾಲು. ಅಂದರೆ ನಮ್ಮ ಮನೆ ಮೂರು ಭಾಗ. ಆಕೆಯ ಭಾಗ ಮುಂದೆ ಆಕೆಯ ಸ್ವಂತ ಮಗನಿಗೆ ಹೋಗಬಹುದು. ತಮ್ಮನಿಗೆ ಚುಚ್ಚುತ್ತಿದ್ದ ಮುಳ್ಳು ಇದೇ.

"ಏನೂ ಬೇಡ ಅಂತ ಆಕೆಯಿಂದ ಬರೆಸಿಕೊಂಡುಬಿಡೋಣ" ಅಂದ.

ವಕೀಲರು ತಿರುಗಿ ಕೇಳಿದರು: "ಆಕೆಗೆ ಕುಟುಂಬ ಪಿಂಚಣಿ ಬರ್ತದೇನು?" ಬರುತ್ತಿತ್ತು. ತೀರಿಹೋದ ಗಂಡ ಸರಕಾರಿ ನೌಕರಿಯಲ್ಲಿದ್ದವರು. ವಿಧವೆ ಮತ್ತೆ ಮದುವೆಯಾದರೆ ಆ ಪಿಂಚಣಿ ಸಾಮಾನ್ಯವಾಗಿ ನಿಂತುಹೋಗುತ್ತದೆ. ಕಳೆದುಕೊಳ್ಳುವವರು ನಾವಷ್ಟೇ ಅಂದುಕೊಂಡಿದ್ದೆವು. ಆಕೆ ಮದುವೆಯ ದಿನವೇ ತಿಂಗಳ ಆಧಾರ ಬಿಟ್ಟು ಬರುವವಳಿದ್ದಳು. ತಮ್ಮ ಆಮೇಲೆ ಮಾತಾಡಲಿಲ್ಲ.

ಅಪ್ಪ ಮೃತ್ಯುಪತ್ರ ಬರೆಸಿದರು. ಆಕೆ ಬದುಕಿರುವ ತನಕ ಆ ಮನೆಯಲ್ಲಿ ಇರಬಹುದು, ಮಾರುವಂತಿಲ್ಲ. ಆಮೇಲೆ ಮನೆ ನಮ್ಮಿಬ್ಬರಿಗೆ. ಬ್ಯಾಂಕಿನ ಒಂದು ಠೇವಣಿ ಪೂರ್ತಿ ಆಕೆಗೆ. ಸಹಿಗೆ ಮೊದಲೇ ಆಕೆಗೂ ಓದಿ ಹೇಳಿದರು. ಕಾನೂನಿಗೆ ಇಬ್ಬರು ಸಾಕ್ಷಿ ಬೇಕು. ಪಾಲಿಲ್ಲದ ಹೊರಗಿನವರನ್ನೇ ಕರೆದೆವು. ನೋಂದಣಿ ಕಡ್ಡಾಯವಲ್ಲ, ಆದರೂ ಮುಂದೆ ತಕರಾರು ಕಡಿಮೆ ಅಂತ ಮಾಡಿಸಿದೆವು. ಒಂದು ಮಾತು ನೆನಪಿರಲಿ: ಬರೆದವರು ಬದುಕಿರುವಷ್ಟು ದಿನ ಅದನ್ನು ಬದಲಿಸಬಹುದು. ನಾಳೆ ಅಪ್ಪ ಬೇರೆ ಬರೆದರೆ ನಾವು ತಡೆಯಲಾಗದು.

ಅವ್ವನ ಬೋರಮಾಳ, ಪಾಟ್ಲಿಗಳನ್ನು ಅಪ್ಪ ಮದುವೆಗೆ ಮೊದಲೇ ನಮ್ಮಿಬ್ಬರಿಗೆ ಹಂಚಿದರು. ಅದು ಅವರಿಗೇ ಹೊಳೆದದ್ದು. ಆ ದಿನ ನಾನು ಅತ್ತಷ್ಟು ಅವ್ವ ಸತ್ತ ದಿನವೂ ಅತ್ತಿರಲಿಲ್ಲ. ಕಾಗದದ ಕೆಲಸ ಮುಗಿದಿದ್ದಕ್ಕೇ ಇರಬೇಕು, ಉಳಿದದ್ದು ಬರೀ ದುಃಖ.

ಹೊಸದಾಗಿ ಬಂದವರಿಗೆ 'ಅವ್ವ' ಅನ್ನಲು ನನಗೆ ಬಾಯಿ ಬರಲಿಲ್ಲ. 'ಚಿಗವ್ವ' ಅಂತೀನಿ, ಅವರೂ ಓಗೊಡುತ್ತಾರೆ. ಮದುವೆಗೆ ತಮ್ಮ ಬರಲಿಲ್ಲ. ಇನ್ನೂ ಏನೂ ಕರೆಯುವುದಿಲ್ಲ, 'ಅವರು' ಅಂತಾನೆ ಅಷ್ಟೇ. ಹೋದ ವಾರ ಅಪ್ಪನಿಗೆ ಫೋನ್ ಮಾಡಿದವನು, ಇಡುವ ಮುಂಚೆ, "ಅವರದು ಊಟ ಆತೇನು?" ಅಂತ ಕೇಳಿದನಂತೆ.