ಪಾಸಾಗಿದೆ ಅಂದರೆ ಹೋಗಿದೆ ಅಂತಲ್ಲ

ಕೇಳುಗರೆ, ನಮಸ್ಕಾರ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ದಸರಾ ಹತ್ತಿರ ಬಂತೆಂದರೆ ನಮ್ಮ ಮೇಜಿನ ಫೋನಿಗೆ ಬಿಡುವಿಲ್ಲ. ಸಣ್ಣಪುಟ್ಟ ವರ್ಕ್‌ಶಾಪಿನವರೆಲ್ಲ ಆಯುಧಪೂಜೆಗೆ ಮೊದಲು ಹುಡುಗರಿಗೆ ಬೋನಸ್ ಕೊಡಬೇಕು. ಅದಕ್ಕೆ ನಮ್ಮಂಥವರಿಂದ ಬರಬೇಕಾದ ಬಾಕಿ ಬರಬೇಕು. ಎಲ್ಲರ ಪ್ರಶ್ನೆಯೂ ಒಂದೇ: “ಬಿಲ್ಲು ಪಾಸಾಯ್ತಾ?”

2025ರ ಸೆಪ್ಟೆಂಬರ್ 24, ಬುಧವಾರ. ಮಂಡ್ಯ ಜಿಲ್ಲೆಯ ತೂಬಿನಕೆರೆಯಿಂದ ಒಬ್ಬರು ಫೋನ್ ಮಾಡಿದರು. ನಮ್ಮ ಒಂದು ಯಂತ್ರದ ಪ್ಯಾನೆಲ್ ಬೋರ್ಡಿಗೆ ಪೂರ್ತಿ ಹೊಸ ವೈರಿಂಗ್ ಮಾಡಿಕೊಟ್ಟವರು. ಬಿಲ್ಲು ಅವತ್ತೇ ಮಧ್ಯಾಹ್ನ ಪಾಸಾಗಿತ್ತು. ಹೇಳಿದೆ. “ಸರಿ ಮೇಡಂ, ದುಡ್ಡು ಯಾವತ್ತು ಬತ್ತದೆ? ಅದ ಹೇಳ್ಬುಡಿ,” ಅಂದರು. “ಬರೆದು ಕಳಿಸುತ್ತೇನೆ, ಅರ್ಧ ಗಂಟೆ ಕೊಡಿ,” ಅಂದೆ.

ಆ ಅರ್ಧ ಗಂಟೆ ಯಾಕೆ ಅಂತ ಹೇಳುತ್ತೇನೆ. ಬಿಲ್ಲು ಪಾಸಾಗುವುದು ಎಂದರೆ ಕೆಲಸ ಸರಿಯಾಗಿದೆ, ಇಷ್ಟು ಕೊಡಬಹುದು ಎಂದು ನಮ್ಮ ಮ್ಯಾನೇಜರು ಸಹಿ ಹಾಕುವುದು. ಬ್ಯಾಂಕಿನಿಂದ ಹಣ ಬಿಡುಗಡೆಯಾಗಲು ಬೇರೆಯೇ ಒಪ್ಪಿಗೆ ಬೇಕು. ನಮ್ಮಲ್ಲಿ ನಾನು ಬ್ಯಾಂಕಿನ ಪೋರ್ಟಲ್ಲಿನಲ್ಲಿ ವಿವರ ತುಂಬುತ್ತೇನೆ; ಡೈರೆಕ್ಟರು ತಮ್ಮ ಫೋನಿಗೆ ಬಂದ ಓಟಿಪಿ ಹಾಕಿ ಬಿಡುಗಡೆ ಮಾಡುತ್ತಾರೆ. ಅವರು ಊರಲ್ಲಿಲ್ಲದಿದ್ದರೆ, ವಿಮಾನದಲ್ಲಿದ್ದರೆ, ಪಾಸಾದ ಬಿಲ್ಲು ಪಾಸಾಗಿಯೇ ಕೂತಿರುತ್ತದೆ. ಆದ್ದರಿಂದ ತಾರೀಕು ಬರೆಯುವ ಮೊದಲು ನಾನು ವಿಚಾರಿಸಿದ್ದು ಡೈರೆಕ್ಟರು ಯಾವತ್ತು ಸಿಗುತ್ತಾರೆ ಎಂಬುದನ್ನು. ಗುರುವಾರ, ಶುಕ್ರವಾರ ಅವರು ಚೆನ್ನೈನಲ್ಲಿ. 27 ನಾಲ್ಕನೇ ಶನಿವಾರ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್‌ಗೆ ರಜೆಯಿಲ್ಲ ನಿಜ, 2019ರ ಡಿಸೆಂಬರಿನಿಂದ ಅದು ಹಗಲೂ ರಾತ್ರಿ, ಭಾನುವಾರವೂ ನಡೆಯುತ್ತದೆ. ಆದರೆ ನಮ್ಮ ಆಫೀಸಿಗೆ ರಜೆಯಿದೆಯಲ್ಲ! ಸೋಮವಾರ, 29, ಖಂಡಿತ ಸಿಗುತ್ತಾರೆ. ಬುಧವಾರ ಆಯುಧಪೂಜೆ. ಸೋಮವಾರ ಏನಾದರೂ ಎಡವಟ್ಟಾದರೂ ಮಂಗಳವಾರ ಒಂದು ದಿನ ಕೈಲಿರುತ್ತದೆ.

ಇನ್ನು ಮೊತ್ತ. ಕೆಲಸದ ಬೆಲೆ 1,20,000 ರೂಪಾಯಿ. ಶೇಕಡ 18ರ ಜಿಎಸ್‌ಟಿ 21,600 ಸೇರಿ ಬಿಲ್ಲು 1,41,600. ಅವರದು ಒಬ್ಬರೇ ಮಾಲೀಕರಿರುವ ವರ್ಕ್‌ಶಾಪು, ಹಾಗಾಗಿ ಅವರ ಹೆಸರಲ್ಲಿ ನಾವು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಅಂದರೆ ಟಿಡಿಎಸ್, ಶೇಕಡ 1. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿರುವುದರಿಂದ 1,20,000ದ ಮೇಲೆ ಮಾತ್ರ ಹಿಡಿಯಬೇಕು: 1,200. ಕೈಗೆ ಹೋಗುವುದು 1,40,400. ಇದನ್ನು ಮೊದಲೇ ಬರೆಯದಿದ್ದರೆ ದುಡ್ಡು ಬಂದ ದಿನವೇ “1,200 ಕಮ್ಮಿ ಬಂದದೆ” ಅಂತ ಇನ್ನೊಂದು ಫೋನು. ಯಾವ ದಾರಿಯಲ್ಲಿ ಕಳಿಸುವುದು ಎನ್ನುವುದನ್ನೂ ಮೊತ್ತವೇ ಹೇಳುತ್ತದೆ. ಆರ್‌ಟಿಜಿಎಸ್ ಬೇಕೆಂದರೆ ಕನಿಷ್ಠ 2 ಲಕ್ಷ ಇರಬೇಕು. ಇದಕ್ಕೆ ನೆಫ್ಟ್ ಸಾಕು. ಬಾಯಿ ರೂಢಿಗೆ ಎಲ್ಲದಕ್ಕೂ “ಆರ್‌ಟಿಜಿಎಸ್ ಮಾಡ್ತೀವಿ” ಅನ್ನುವವರು ಬಹಳ ಜನ. ಕಾಗದದಲ್ಲಿ ಹಾಗೆ ಬರೆದರೆ ವೆಂಡರು ಪಾಸ್‌ಬುಕ್ಕಿನಲ್ಲಿ ಇಲ್ಲದ ಆರ್‌ಟಿಜಿಎಸ್ ಹುಡುಕುತ್ತಾ ಕೂರುತ್ತಾರೆ.

ಕೊನೆಗೆ ನಾನು ಕಳಿಸಿದ್ದು ಇಷ್ಟು:

“ನಿಮ್ಮ ಬಿಲ್ ಸಂಖ್ಯೆ 47, ನಮ್ಮ ವರ್ಕ್ ಆರ್ಡರ್ ಸಂಖ್ಯೆ 318, ಸೆಪ್ಟೆಂಬರ್ 24ರಂದು ಮಂಜೂರಾಗಿದೆ. ಬಿಲ್ ಮೊತ್ತ 1,41,600 ರೂಪಾಯಿಯಲ್ಲಿ ಟಿಡಿಎಸ್ 1,200 ಕಳೆದು 1,40,400 ರೂಪಾಯಿಯನ್ನು ಸೆಪ್ಟೆಂಬರ್ 29, ಸೋಮವಾರ, ಸಂಜೆ 5ರೊಳಗೆ ನೆಫ್ಟ್ ಮೂಲಕ ಕಳಿಸುತ್ತೇವೆ. 6208 ಎಂದು ಕೊನೆಯಾಗುವ ನಿಮ್ಮ ಖಾತೆಗೆ ಜಮಾ ಆಗುತ್ತದೆ. ಖಾತೆ ಬದಲಾಗಿದ್ದರೆ ಶುಕ್ರವಾರದೊಳಗೆ ಫೋನ್ ಮಾಡಿ. ನಮ್ಮ ವೋಚರ್ ಸಂಖ್ಯೆ 1126. ಹಣ ಕಳಿಸಿದ ಮೇಲೆ ಯುಟಿಆರ್ ಸಂಖ್ಯೆಯನ್ನು ಅಂದೇ ತಿಳಿಸುತ್ತೇವೆ.”

“ಮುಂದಿನ ಸೋಮವಾರ” ಎಂದು ಮಾತ್ರ ನಾನು ಬರೆಯುವುದಿಲ್ಲ. ನನ್ನ ಮುಂದಿನ ಸೋಮವಾರ ಬೇರೆ, ಕಾಯುವವರ ಮುಂದಿನ ಸೋಮವಾರ ಬೇರೆ. ತಾರೀಕು, ವಾರ ಎರಡೂ ಇರಲಿ.

ಯುಟಿಆರ್ ಎಂದರೆ ಹಣ ಕಳಿಸಿದ್ದಕ್ಕೆ ಬ್ಯಾಂಕು ಕೊಡುವ ಗುರುತಿನ ಸಂಖ್ಯೆ. ಈ ಕಾಗದದಲ್ಲಿ ಅದು ಯಾಕಿಲ್ಲ ಅಂದರೆ, ಅದಿನ್ನೂ ಹುಟ್ಟಿಯೇ ಇಲ್ಲ. ಇಲ್ಲೇ ನಾನೊಮ್ಮೆ ಎಡವಿದ್ದು. ಮೂರು ವರ್ಷದ ಹಿಂದೆ ಇನ್ನೊಬ್ಬ ವೆಂಡರಿಗೆ ಪೋರ್ಟಲ್ಲಿನಲ್ಲಿ ಕಂಡ ಒಂದು ನಂಬರನ್ನು ಯುಟಿಆರ್ ಎಂದು ಕಳಿಸಿಬಿಟ್ಟೆ. ಅವರು ಪಾಪ ಬಸ್ಸು ಹತ್ತಿ ತಮ್ಮ ಬ್ಯಾಂಕಿಗೆ ಹೋಗಿ ತೋರಿಸಿದರೆ, ಕೌಂಟರಿನವರು “ಇಂಥ ನಂಬರೇ ಇಲ್ಲ” ಅಂದರಂತೆ. ನಾನು ಸುಳ್ಳು ಹೇಳಿದೆ ಎಂದೇ ಅವರು ತಿಳಿದರು. ಆ ನಂಬರು ನಾನು ವಿವರ ತುಂಬಿದಾಗ ಪೋರ್ಟಲ್ಲು ಕೊಟ್ಟ ಕೋರಿಕೆ ಸಂಖ್ಯೆ. ಆಗಿನ್ನೂ ಡೈರೆಕ್ಟರು ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ, ಹಣ ನಮ್ಮ ಖಾತೆಯಲ್ಲೇ ಇತ್ತು! ಅಲ್ಲಿಂದೀಚೆಗೆ ನಾನು ಎಣಿಸುತ್ತೇನೆ. ನೆಫ್ಟ್‌ನ ಯುಟಿಆರ್‌ನಲ್ಲಿ ಅಕ್ಷರ ಅಂಕಿ ಸೇರಿ 16 ಇರುತ್ತವೆ, ಆರ್‌ಟಿಜಿಎಸ್‌ನದರಲ್ಲಿ 22. ಎಂಟೋ ಹತ್ತೋ ಅಂಕಿಯ ನಂಬರು ಯಾರಾದರೂ ಕಳಿಸಿದರೆ ಬ್ಯಾಂಕಿಗೆ ಓಡಬೇಡಿ, ಕಳಿಸಿದವರನ್ನೇ ಕೇಳಿ.

ಯುಟಿಆರ್ ಬಂದ ಮಾತ್ರಕ್ಕೆ ಜಮಾ ಆಯಿತು ಅಂತಲೂ ಅಲ್ಲ. ನೆಫ್ಟ್ ಅರ್ಧ ಗಂಟೆಗೊಂದು ಬ್ಯಾಚಿನಲ್ಲಿ ಹೋಗುತ್ತದೆ. ಆ ಬ್ಯಾಚು ಮುಗಿದ ಎರಡು ಗಂಟೆಯೊಳಗೆ ಪಡೆಯುವವರ ಬ್ಯಾಂಕು ಜಮಾ ಮಾಡಬೇಕು, ಆಗದಿದ್ದರೆ ವಾಪಸು ಕಳಿಸಬೇಕು. ಖಾತೆ ಮುಚ್ಚಿದ್ದರೆ ಹಣ ಹೀಗೆ ತಿರುಗಿ ನಮ್ಮಲ್ಲಿಗೇ ಬರುತ್ತದೆ, ಯುಟಿಆರ್ ಮಾತ್ರ ವೆಂಡರ ಕೈಲಿ ಉಳಿಯುತ್ತದೆ. ಕಾಗದದಲ್ಲಿ ಕೊನೆಯ ನಾಲ್ಕು ಅಂಕಿ ಬರೆದದ್ದು ಅದಕ್ಕೇ.

ಸೋಮವಾರ ಸಂಜೆ 4ರ ಹೊತ್ತಿಗೆ ಡೈರೆಕ್ಟರು ಓಟಿಪಿ ಹಾಕಿದರು. ಪೋರ್ಟಲ್ಲಿನಲ್ಲಿ ಯುಟಿಆರ್ ಕಂಡ ಮೇಲೆ ಹದಿನಾರನ್ನೂ ಬೆರಳಿಟ್ಟು ಎಣಿಸಿ, ಅದೇ ಕಾಗದದ ಕೆಳಗೇ ಉತ್ತರವಾಗಿ ಕಳಿಸಿದೆ: “ವೋಚರ್ 1126ರ 1,40,400 ರೂಪಾಯಿ ಈಗ ಕಳಿಸಿದೆ, ಯುಟಿಆರ್ ಇದು. ರಾತ್ರಿ 7ರೊಳಗೆ ಜಮಾ ಆಗದಿದ್ದರೆ ತಿಳಿಸಿ.” 5:20ಕ್ಕೆ ತೂಬಿನಕೆರೆಯಿಂದ ಫೋನು ಬಂತು.

“ಬಂತು ಮೇಡಂ. ಬಿಲ್ಲಿನ ಮೇಲೆ ನಂಬರ್ ಬರ್ಕಂಡಿವ್ನಿ. ಅದ್ಸರಿ, ಆ 1,200 ನನ್ನ ಹೆಸರಲ್ಲಿ ಯಾವಾಗ ಕಾಣ್ತದೆ?”

ಜುಲೈನಿಂದ ಸೆಪ್ಟೆಂಬರಿನ ಟಿಡಿಎಸ್ ರಿಟರ್ನ್ ಸಲ್ಲಿಸಲು ಅಕ್ಟೋಬರ್ 31 ಕೊನೆಯ ದಿನ, ಅದಾದ ಮೇಲೆ ನಿಮ್ಮ ಪ್ಯಾನ್ ಖಾತೆಯಲ್ಲಿ ಕಾಣಿಸುತ್ತದೆ ಎಂದೆ.

“ಅದ್ನೂ ಒಂಚೂರು ಬರ್ದು ಕಳಿಸ್ಬುಡಿ,” ಅಂದರು.